ಪರ್ಸನಲ್ ಲೋನ್‌ಗೆ ಒಂದು ಲಕ್ಷ ಕಟ್ಟುವ ಮುಂಚೆ ಕೇಳಬೇಕಾದ್ದು

ತುಮಕೂರಿನ ಲೋನ್ ಡೆಸ್ಕ್‌ಗೆ ಕೊಬ್ಬರಿ ಮಾರಿದ ದುಡ್ಡೋ ಬೋನಸ್ಸೋ ಹಿಡಿದು ಬರುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಸರ್, ಇದನ್ನ ಲೋನ್‌ಗೆ ಹಾಕ್ಬಿಡಿ." ಅಷ್ಟು ಸಾಲದು. ಹಾಕಿದ ಮೇಲೆ ಅವಧಿ ಇಳಿಯಬೇಕೋ ಕಂತು ಇಳಿಯಬೇಕೋ ಎಂಬುದನ್ನು ಅರ್ಜಿಯಲ್ಲೇ ಬರೆಯಬೇಕು.

ಲೆಕ್ಕ ನೋಡಿ. 5 ಲಕ್ಷ ಸಾಲ, ಶೇ 14 ಬಡ್ಡಿ, 60 ತಿಂಗಳು. ಕಂತು 11,634 ರೂಪಾಯಿ. 24 ಕಂತು ಕಟ್ಟಿದ ಮೇಲೂ ಅಸಲು ಸುಮಾರು 3.40 ಲಕ್ಷ ಉಳಿದಿರುತ್ತದೆ, ಏಕೆಂದರೆ ಮೊದಲ ಕಂತುಗಳಲ್ಲಿ ಸುಮಾರು ಅರ್ಧ ಬಡ್ಡಿಗೇ ಹೋಗುತ್ತದೆ. ಈಗ 1 ಲಕ್ಷ ಪಾರ್ಟ್ ಪೇಮೆಂಟ್ ಮಾಡಿದರೆ, ಶುಲ್ಕ ಶೇ 4 ಮತ್ತು ಅದರ ಮೇಲೆ ಶೇ 18 ಜಿಎಸ್‌ಟಿ ಎಂದಿಟ್ಟುಕೊಂಡರೆ, 4,720 ರೂಪಾಯಿ ಪ್ರತ್ಯೇಕ ಖರ್ಚು.

ಕಂತು ಹಾಗೇ ಬಿಟ್ಟು ಅವಧಿ ಇಳಿಸಿದರೆ ಬಾಕಿ 36 ತಿಂಗಳು 24ಕ್ಕೆ ಬರುತ್ತದೆ, ಕೊನೆಯ ಕಂತು ಸ್ವಲ್ಪ ಚಿಕ್ಕದು. ಬಡ್ಡಿ ಸುಮಾರು 42,000 ಉಳಿಯುತ್ತದೆ. ಅವಧಿ ಹಾಗೇ ಬಿಟ್ಟರೆ ಕಂತು 8,216ಕ್ಕೆ ಇಳಿಯುತ್ತದೆ, ಉಳಿತಾಯ ಮಾತ್ರ ಸುಮಾರು 23,000. ದುಡ್ಡು ಅದೇ, ಶುಲ್ಕವೂ ಅದೇ. ಹಾಗಂತ ಕಂತು ಇಳಿಸುವುದು ತಪ್ಪಲ್ಲ. ಮಕ್ಕಳ ಫೀಸಿನ ತಿಂಗಳಲ್ಲಿ ಕಂತು ಬೌನ್ಸ್ ಆಗುತ್ತಿರುವ ಮನೆಗೆ ಅದೇ ಸರಿ.

ದೊಡ್ಡ ಎಡವಟ್ಟು ಆಗುವುದು ಬೇರೆ ಕಡೆ. ಅರ್ಜಿ ಕೊಡದೆ ಸಾಲದ ಖಾತೆಗೆ ದುಡ್ಡು ಹಾಕಿದರೆ ಕೆಲವು ಕಡೆ ಅದು ಮುಂದಿನ ಕಂತುಗಳ ಮುಂಗಡವಾಗಿ ಕೂರುತ್ತದೆ, ಅಸಲಿಗೆ ಮುಟ್ಟುವುದೇ ಇಲ್ಲ. ಹಾಗಾಗಿ ಕಟ್ಟಿದ ವಾರದಲ್ಲೇ ಹೊಸ ಮರುಪಾವತಿ ಪಟ್ಟಿ ಕೇಳಿ ಪಡೆಯಿರಿ. ಬಾಕಿ ಅಸಲು 2.40 ಲಕ್ಷಕ್ಕೆ ಇಳಿದಿದ್ದರೆ ಸರಿ, ಇಲ್ಲದಿದ್ದರೆ ಅವತ್ತೇ ಲಿಖಿತ ದೂರು ಕೊಡಿ. ಪಾರ್ಟ್ ಪೇಮೆಂಟ್ ಎಷ್ಟು ತಿಂಗಳ ನಂತರ, ವರ್ಷಕ್ಕೆ ಎಷ್ಟು ಸಲ, ಕನಿಷ್ಠ ಎಷ್ಟು ಮೊತ್ತ ಎಂಬುದು ಒಪ್ಪಂದದಲ್ಲಿರುತ್ತದೆ. ಶುಲ್ಕ, ಸಾಲದ ಮುಖ್ಯ ವಿವರಗಳಿರುವ ಕೆಎಫ್‌ಎಸ್ ಹಾಳೆಯಲ್ಲಿರುತ್ತದೆ.

ಪೂರ್ತಿ ದುಡ್ಡಿದ್ದು ಅದೇ 24ನೇ ತಿಂಗಳಲ್ಲಿ ಫೋರ್‌ಕ್ಲೋಷರ್ ಮಾಡಿದರೆ, ಅಂದರೆ ಅವಧಿಗೆ ಮೊದಲೇ ಸಾಲ ಮುಗಿಸಿದರೆ, ಶುಲ್ಕ ಸುಮಾರು 16,000, ತಪ್ಪುವ ಬಡ್ಡಿ 78,000. ಲಾಭವೇ. ಆದರೆ ಆರೇ ಕಂತು ಬಾಕಿ ಇರುವಾಗ ಅಸಲು 67,000, ಬರಬೇಕಾದ ಬಡ್ಡಿ ಬರೀ 2,764, ಶುಲ್ಕ 3,164! ಆಗ ಕಂತು ಕಟ್ಟಿಕೊಂಡೇ ಮುಗಿಸಿ.

ಫೋರ್‌ಕ್ಲೋಷರ್ ಪತ್ರದ ಮೊತ್ತಕ್ಕೆ ಗಡುವಿನ ದಿನ ಇರುತ್ತದೆ. ತಡವಾದರೆ ದಿನದ ಬಡ್ಡಿ ಸೇರುತ್ತದೆ, ಮೇಲಿನ 3.40 ಲಕ್ಷಕ್ಕೆ ದಿನಕ್ಕೆ ಸುಮಾರು 130 ರೂಪಾಯಿ. ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಎನ್‌ಒಸಿ ಪಡೆದು, ಖಾತೆಯಿಂದ ಕಂತು ತಾನಾಗಿ ಕಡಿತವಾಗಲು ಕೊಟ್ಟಿದ್ದ ನ್ಯಾಚ್ ಮ್ಯಾಂಡೇಟ್ ರದ್ದು ಮಾಡಿಸಿ, ಸಾಲದ ಇತಿಹಾಸ ದಾಖಲಾಗುವ ಸಿಬಿಲ್‌ನಲ್ಲಿ 'ಕ್ಲೋಸ್ಡ್' ಎಂದು ಬಂದಿದೆಯೇ ನೋಡಿ. 'ಸೆಟಲ್ಡ್' ಎಂದಿದ್ದರೆ ಕಡಿಮೆ ಕಟ್ಟಿ ರಾಜಿ ಮಾಡಿಕೊಂಡಂತೆ ದಾಖಲಾಗಿದೆ ಎಂದರ್ಥ. ಎನ್‌ಒಸಿ ತೋರಿಸಿ ತಿದ್ದಿಸಿಕೊಳ್ಳಿ.