ಅಂಗಡಿ ಲೆಕ್ಕದ ಪುಸ್ತಕ: ಆ 6 ಎಲ್ಲಿ ಹೋಯಿತು?

ಕೈಬರಹದ ಲೆಕ್ಕದ ಪುಸ್ತಕಗಳನ್ನು ಶೀಟಿಗೆ ಇಳಿಸುವ ಕೆಲಸ ಮೊದಲ ಪುಸ್ತಕದ ಅರ್ಧ ದಾಟಿದೆ. ಟೈಪ್ ಮಾಡುವುದು ಬೇಗ ಆಗುತ್ತದೆ. ಸಮಯವೆಲ್ಲ ಹೋಗುವುದು ತಾಳೆ ನೋಡುವುದಕ್ಕೆ. ಪ್ರತಿ ಪುಟದ ಕೆಳಗೆ ಬರೆದವರೇ ಕೂಡಿ ಹಾಕಿದ ಮೊತ್ತ ಇದೆ. ಅದನ್ನು ಇದ್ದ ಹಾಗೇ ಹಾಕಿ, ನಾನು ಓದಿದ ಸಾಲುಗಳ ಮೊತ್ತವನ್ನು ಅದರಿಂದ ಕಳೆಯುತ್ತೇನೆ.

```
=B7-SUM(B2:B6)
```

ಸೊನ್ನೆ ಬರದಿದ್ದರೆ ಪುಟವನ್ನು ಮತ್ತೆ ನೋಡಬೇಕು. ಎಲ್ಲಿ ನೋಡಬೇಕು ಅನ್ನೋದನ್ನ ಎಷ್ಟೋ ಸಲ ಆ ವ್ಯತ್ಯಾಸವೇ ಹೇಳುತ್ತದೆ. 1 ಮತ್ತು 7 ಅದಲುಬದಲಾದರೆ 6, 60 ಅಥವಾ 600 ಬರುತ್ತದೆ. 4 ಮತ್ತು 9 ಆದರೆ 5 ಅಥವಾ 50. ಅಕ್ಕಪಕ್ಕದ ಅಂಕೆಗಳು ಹಿಂದುಮುಂದಾಗಿ 53 ಹೋಗಿ 35 ಆಗಿದ್ದರೆ, ವ್ಯತ್ಯಾಸ 9ರಿಂದ ಭಾಗವಾಗುತ್ತದೆ.

ಈ ವಾರ ಸಿಕ್ಕ ಒಂದು ಪುಟ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಓದಿದಂತೆ ಸಾಲುಗಳು 45, 17, 11, 121, 38. ಕೂಡಿದರೆ 232. ಪುಟದ ಕೆಳಗಿರುವುದು 238. ಆರು ಕಡಿಮೆ ಅಂದರೆ ಯಾವುದೋ 7 ಇಲ್ಲಿ 1 ಆಗಿರಬೇಕು, ಅಲ್ವಾ? 121 ಅನ್ನು 127 ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಆದರೆ 11 ಅನ್ನು 17 ಮಾಡಿದರೂ ಸರಿಹೋಗುತ್ತದೆ!

ಚಿತ್ರ ದೊಡ್ಡದು ಮಾಡಿ ನೋಡಿದೆ. 121ರ ಕೊನೆಯ ಗೀಟು ಮೇಲಿಂದ ಗೆರೆಯವರೆಗೂ ನೇರ ಇಳಿದಿದೆ. ಇದೇ ಕೈ ಬರೆದ 7ಕ್ಕೆ ತಲೆಯಲ್ಲಿ ಅಡ್ಡಗೀಟು ಇರುತ್ತದೆ, ಇಲ್ಲಿ ಅದರ ಗುರುತೇ ಇಲ್ಲ. ಇನ್ನು ಆ 11ರ ಎರಡು ಗೀಟುಗಳು ಗಿಡ್ಡ, ಸ್ವಲ್ಪ ವಾಲಿವೆ, ಗೆರೆಯನ್ನು ಮುಟ್ಟದೆ ಮೇಲೇ ನಿಂತಿವೆ. ಅದು ಹನ್ನೊಂದಲ್ಲ, ಡಿಟ್ಟೊ. ಮೇಲಿನ 17 ಇಲ್ಲೂ 17.

ಸುಮ್ನೆ 127 ಅಂತ ತಿದ್ದಿದ್ದರೆ ಒಬ್ಬರ ಹೆಸರಿಗೆ 6 ಜಾಸ್ತಿ, ಇನ್ನೊಬ್ಬರಿಗೆ 6 ಕಡಿಮೆ ಆಗುತ್ತಿತ್ತು. ಪುಟದ ಮೊತ್ತಕ್ಕೆ ಅದು ಗೊತ್ತೇ ಆಗುತ್ತಿರಲಿಲ್ಲ. ಹಾಗಾಗಿ ಇಂಥ ಕಡೆ ಎರಡನೇ ಸಾಕ್ಷಿ ಬೇಕು. ದಿನದ ಲೆಕ್ಕದಿಂದ ಗಿರಾಕಿಯ ಖಾತೆಗೆ ಎತ್ತಿ ಬರೆದಿದ್ದರೆ ಅದೇ ಮೊತ್ತ ಅಲ್ಲಿ ಇನ್ನೊಮ್ಮೆ ಸಿಗುತ್ತದೆ. ಅಲ್ಲಿ ಮೇಲಿನ ಸಾಲು ಬೇರೆ, ಆದ್ದರಿಂದ ಸಾಮಾನ್ಯವಾಗಿ ಡಿಟ್ಟೊ ಬದಲು ಅಂಕೆಯನ್ನೇ ಪೂರ್ತಿ ಬರೆದಿರುತ್ತಾರೆ. ಈ ಪುಟದ ಸಾಲಿಗೂ ಖಾತೆಯಲ್ಲಿ 17 ಅಂತಲೇ ಇದೆ.

ಇದಾದ ಮೇಲೆ ಶೀಟಿಗೆ ಒಂದು ಕಾಲಂ ಸೇರಿಸಿದ್ದೇನೆ. ಒಂದರಲ್ಲಿ ಪುಟದಲ್ಲಿ ಕಂಡಿದ್ದು, ಡಿಟ್ಟೊ ಇದ್ದರೆ ಡಿಟ್ಟೊನೇ. ಪಕ್ಕದಲ್ಲಿ ಅದರ ಅರ್ಥ, ಅಂದರೆ ಪೂರ್ತಿ ಮೊತ್ತ ಅಥವಾ ಹೆಸರು. ಡಿಟ್ಟೊ ಒಂದನ್ನೇ ಇಟ್ಟು ಹೆಸರಿನ ಪ್ರಕಾರ ಜೋಡಿಸಿದರೆ ಅದು ಯಾರ ಕೆಳಗೋ ಹೋಗಿ ಕೂರುತ್ತದೆ.

ಮುಂದಿನ ಕೆಲಸ, ಡಿಟ್ಟೊದಿಂದಲೇ ಶುರುವಾಗುವ ಪುಟಗಳು. ಅವುಗಳ ಅರ್ಥ ಹಿಂದಿನ ಪುಟದ ಕೊನೆಯ ಸಾಲಿನಲ್ಲಿದೆ. ಕೆಲವು ಹಾಳೆ ಬಿಡಿಯಾಗಿರುವುದರಿಂದ ಮೊದಲು ಪುಟಗಳ ಕ್ರಮ ಸರಿ ಮಾಡಬೇಕು. ಹಿಂದಿನ ಪುಟದಿಂದ ತಂದು ಬರೆದ ಮೊತ್ತವನ್ನು ಹಿಡಿದೇ ಅದನ್ನು ಹೊಂದಿಸುತ್ತಿದ್ದೇನೆ.