ಅಗಲವಾದ ಅಂಚು, ಹಗುರವಾದ ಜರಿ

ಅಜ್ಜಿಯ ವರ್ಷಾಂತಿಕ ಮುಗಿದ ಮರುವಾರ ಬಸವನಗುಡಿಯ ಹಳೆಯ ಮನೆಯಲ್ಲಿ ಅವರ ಟ್ರಂಕನ್ನು ತೆರೆದೆವು. ಒಳಗೆ ನಾಲ್ಕು ಸೀರೆಗಳಿದ್ದವು. ಕೆಂಪು ಸೆರಗಿನಲ್ಲಿ ಬಿಳಿಯ ಗೋಪುರದಂಥ ಹಲ್ಲುಗಳನ್ನು ಹೊತ್ತ ಇಳಕಲ್ ಸೀರೆಯನ್ನು ಯಾರೂ ಪರೀಕ್ಷಿಸಬೇಕಾಗಲಿಲ್ಲ. ಅದು ದೊಡ್ಡಮ್ಮನ ಮಡಿಲಿಗೆ ಹೋಯಿತು. ಉಳಿದ ಮೂರನ್ನೂ ಮನೆಯವರೆಲ್ಲ ಮೊದಲಿನಿಂದ ‘ಕಂಚಿ’ ಎಂದೇ ಕರೆಯುತ್ತಿದ್ದರು. ಒಂದು ನೇರಳೆ ಬಣ್ಣದ್ದು, ಒಂದು ಮೆರೂನ್ ಅಂಚಿನ ಅರಿಸಿನ ಬಣ್ಣದ್ದು, ಮತ್ತೊಂದು ಗುಲಾಬಿ ಅಂಚಿನ ಹಸಿರು ಸೀರೆ.

ನನಗೆ ಹಸಿರು ಸೀರೆಯೇ ಬೇಕಿತ್ತು. ಅದರ ಅಂಚನ್ನು ಟೇಪಿನಲ್ಲಿ ಅಳೆದರೆ ಒಂಬತ್ತು ಅಂಗುಲ, ಜರಿ ನಿನ್ನೆ ನೇಯ್ದಂತೆ ಹೊಳೆಯುತ್ತಿತ್ತು. ಅರಿಸಿನ ಸೀರೆಯ ಅಂಚು ನಾಲ್ಕೇ ಅಂಗುಲವಿದ್ದು, ಅದರ ಜರಿ ಮಾಸಿ ಕಪ್ಪಿಟ್ಟಿತ್ತು. ಅಸಲಿ ಜರಿಯಾದರೆ ಕಪ್ಪಾಗುವುದಿಲ್ಲ ಎಂದು ನಾನೇ ತೀರ್ಮಾನಿಸಿ, ಅದನ್ನು ಬೀದಿಯಲ್ಲಿ ‘ಹಳೆ ರೇಷ್ಮೆ ಸೀರೆ, ಜರಿ ಸೀರೆ’ ಎಂದು ಕೂಗುತ್ತಾ ಬರುವವನಿಗೆ ಕೊಡಲು ಎತ್ತಿಟ್ಟೆ. ಅವನು ಬಂದಾಗ ಎರಡನ್ನೂ ತೋರಿಸಿದೆ. ಹಸಿರನ್ನು ಮುಟ್ಟಿ ನೋಡದೆಯೇ ಪಕ್ಕಕ್ಕೆ ಸರಿಸಿದ. ಅರಿಸಿನದ ಅಂಚನ್ನು ಮಾತ್ರ ಬೆರಳುಗಳ ನಡುವೆ ಹೊಸೆದು, ನಾನು ಕೇಳುವ ಮೊದಲೇ ಬೆಲೆ ಹೇಳಿ, ನಾನು ಸುಮ್ಮನಿದ್ದುದನ್ನು ಕಂಡು ತಾನೇ ಇನ್ನೂ ಐನೂರು ಏರಿಸಿದ. ಬೇಡದ ಸೀರೆಗೆ ಇಷ್ಟು ಆತುರವೇಕೆ ಎಂಬ ಅನುಮಾನ ಬಂದು, ಯೋಚಿಸಿ ಹೇಳುತ್ತೇನೆಂದು ಕಳುಹಿಸಿದೆ.

ಅದೇ ಸಂಜೆ ಹಸಿರು ಸೀರೆಗೆ ಹೊಸ ಕುಚ್ಚು ಕಟ್ಟಲು ನಮ್ಮ ಬೀದಿಯ ಅಕ್ಕ ಬಂದಿದ್ದರು. ಅವರ ತಂದೆಯ ಮನೆಯಲ್ಲಿ ಮಗ್ಗವಿತ್ತಂತೆ. ಸೆರಗಿನ ತುದಿಯ ಎಳೆಗಳನ್ನು ಬಿಡಿಸುತ್ತಿದ್ದವರು ಅಲ್ಲಿಗೇ ನಿಂತು, “ಇದನ್ನ ಕಂಚಿ ಅಂದ್ರಾ? ಸೆರಗು ಗುಲಾಬಿ, ಎಳೆ ನೋಡಿ ಹಸಿರು” ಎಂದರು.

ಆ ಮಾತು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸೆರಗಿನ ತುದಿಯಲ್ಲಿ ಇಳಿಬೀಳುವ ಎಳೆಗಳೆಲ್ಲ ಹಾಸಿನ ಎಳೆಗಳು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು. ಅಡ್ಡಕ್ಕೆ ಲಾಳಿ ಒಯ್ಯುವ ಹೊಕ್ಕು ಅಲ್ಲಿ ಇರುವುದಿಲ್ಲ. ಹಸಿರು ಸೀರೆಯಲ್ಲಿ ಒಡಲಿನ ಹಸಿರು ಹಾಸೇ ಸೆರಗಿನ ಕೊನೆಯವರೆಗೆ ಓಡಿದೆ. ಹೊಕ್ಕನ್ನು ಮಾತ್ರ ಗುಲಾಬಿಗೆ ಬದಲಿಸಿದ್ದಾರೆ. ಹಾಗಾಗಿಯೇ ದೂರದಿಂದ ಗುಲಾಬಿಯಾಗಿ ಕಾಣುವ ಆ ಸೆರಗು ಕಣ್ಣ ಹತ್ತಿರ ಹಿಡಿದಾಗ ಕಂದಿದ ಬಣ್ಣಕ್ಕೆ ತಿರುಗುತ್ತಿತ್ತು. ಅಕ್ಕ ಅರಿಸಿನ ಸೀರೆಯನ್ನು ತರಿಸಿಕೊಂಡು ಅದರ ಸೆರಗನ್ನು ಪಕ್ಕದಲ್ಲಿ ಹರಡಿದರು. ಅಲ್ಲಿ ಸೆರಗೂ ಮೆರೂನ್, ತುದಿಯ ಎಳೆಯೂ ಮೆರೂನ್. ಒಡಲಿನ ಹಾಸು ಮುಗಿಯುವ ಕಡೆ ಬೇರೆ ಬಣ್ಣದ ಹಾಸನ್ನು ತಂದು ಸೇರಿಸಿದ್ದಾರೆ. ಕಂಚಿಯವರು ಇದನ್ನು ಪೆಟ್ನಿ ಎನ್ನುತ್ತಾರೆ. ಸೇರಿದ ಜಾಗದಲ್ಲಿ ಕಿರುಬೆರಳಗಲದ ಒಂದು ಪಟ್ಟಿ ಉಳಿದ ಬಟ್ಟೆಗಿಂತ ತುಸು ದಪ್ಪವಾಗಿ ಕೈಗೆ ಸಿಕ್ಕಿತು.

ಅಂಚಿನಲ್ಲೂ ಅದೇ ಕತೆ. ಸೀರೆಯನ್ನು ಮಗುಚಿ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದೇ ಒಂದು ಹೊಕ್ಕಿನ ಎಳೆಯನ್ನು ಒಡಲಿನಿಂದ ಅಂಚಿನತ್ತ ಕಣ್ಣಿನಲ್ಲೇ ಹಿಂಬಾಲಿಸಲು ಅಕ್ಕ ಹೇಳಿದರು. ಹಸಿರು ಸೀರೆಯಲ್ಲಿ ಹಸಿರು ಎಳೆ ಅಂಚಿನೊಳಗೂ ನುಗ್ಗಿ, ಗುಲಾಬಿ ಹಾಸಿನ ನಡುವೆ ಹಾದು ಸೀರೆಯ ಕೊನೆಯವರೆಗೆ ಹೋಗಿತ್ತು; ಒಂದೇ ಲಾಳಿಯ ಕೆಲಸ. ಅರಿಸಿನ ಸೀರೆಯಲ್ಲಿ ಒಡಲಿನ ಎಳೆ ಅಂಚಿನ ಗೆರೆಯವರೆಗೆ ಬಂದು, ಎದುರಿನಿಂದ ಬಂದ ಮೆರೂನ್ ಎಳೆಯೊಂದಿಗೆ ಕೈಕೈ ಹಿಡಿದುಕೊಂಡಂತೆ ಹೆಣೆದು ಹಿಂದಿರುಗಿತ್ತು. ಇದು ಕೋರ್ವೈ. ಒಡಲಿಗೊಂದು, ಎರಡು ಅಂಚುಗಳಿಗೆ ಒಂದೊಂದು, ಹೀಗೆ ಮೂರು ಲಾಳಿಗಳು ಓಡಬೇಕು. ಪಕ್ಕದಲ್ಲಿ ಇನ್ನೊಬ್ಬರು ಕುಳಿತು ಕೈಜೋಡಿಸಬೇಕು. ಅಂಚು ಎಷ್ಟೇ ಕಿರಿದಾದರೂ ಅದರ ಬಣ್ಣ ಒಡಲಿನ ಬಣ್ಣದೊಂದಿಗೆ ಬೆರೆಯದೆ ಅಚ್ಚವಾಗಿ ನಿಲ್ಲುವುದು ಇದರಿಂದಲೇ. ಒಂಬತ್ತಂಗುಲದ ಅಗಲಕ್ಕೆ ನಾನು ಕೊಟ್ಟ ಮರ್ಯಾದೆ ಅನ್ಯಾಯದ್ದಾಗಿತ್ತು.

ಇಷ್ಟಾದ ಮೇಲೆ ತೂಕ ನೋಡುವ ಹುಚ್ಚು ಹತ್ತಿತು. ಅಡುಗೆಮನೆಯ ತಕ್ಕಡಿಯಲ್ಲಿ ಅರಿಸಿನದ್ದು 790 ಗ್ರಾಂ, ಹಸಿರು 560, ನೇರಳೆ 420. ಎರಡರಷ್ಟಕ್ಕೂ ಮಿಕ್ಕಿದ ಅಂಚಿದ್ದೂ ಹಸಿರು ಹಗುರವಾಗಿತ್ತು. ಬರೀ ತೂಕವನ್ನು ನಂಬುವಂತಿಲ್ಲ, ಏಕೆಂದರೆ ಅರಿಸಿನದ ಒಡಲಿನ ನೂಲೇ ಹಲವು ಎಳೆ ಕೂಡಿಸಿ ಹುರಿ ಹಾಕಿದ ದಪ್ಪ ನೂಲು. ಆದರೂ ಅಂಚನ್ನಷ್ಟೇ ಅಂಗೈಯಲ್ಲಿ ಮಡಿಸಿ ಎತ್ತಿ ಹಿಡಿದಾಗ ಅರಿಸಿನದ್ದು ತಣ್ಣಗೆ ಇಳಿಬಿದ್ದು ಕುಳಿತಿತು, ಹಸಿರಿನದು ಕಾಗದದಂತೆ ಸೆಟೆದು ನಿಂತಿತು. ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ತೆಳುವಾಗಿ ಬಡಿದ ಬೆಳ್ಳಿಯ ತಂತಿಯನ್ನು ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಚಿನ್ನ ಬಹಳ ಅಲ್ಪ. ಮೈಸೂರು ಸಿಲ್ಕ್ ನೇಯಿಸುವ ಕೆಎಸ್‌ಐಸಿ ತನ್ನ ಜರಿಯಲ್ಲಿ ಶೇ. 65 ಬೆಳ್ಳಿಗೆ ಶೇ. 0.65 ಚಿನ್ನವೆಂದು ಹೇಳಿಕೊಳ್ಳುತ್ತದೆ. ಆ ಲೇಪ ಸವೆದಲ್ಲಿ ಬೆಳ್ಳಿ ಗಾಳಿಗೆ ತೆರೆದುಕೊಂಡು, ಪೂಜೆಯ ತಟ್ಟೆ ಕಪ್ಪಾಗುವಂತೆಯೇ ಕಪ್ಪಾಗುತ್ತದೆ. ಹಾಗೆಂದು ಕಪ್ಪಾದದ್ದೆಲ್ಲ ಬೆಳ್ಳಿಯೂ ಅಲ್ಲ, ತಾಮ್ರದ ಜರಿಯೂ ಕಂದುತ್ತದೆ. ಅಕ್ಕ ಅರಿಸಿನದ ತುದಿಯಿಂದ ಅರ್ಧ ಅಂಗುಲ ಜರಿ ಕಿತ್ತು ಉಗುರಿನಿಂದ ಸುಲಿದರು. ಒಳಗಿನಿಂದ ಕೆಂಪು ರೇಷ್ಮೆ ಹೊರಬಂತು, ಸುಲಿದ ಲೋಹ ಬಿಳಿಯಾಗಿ ಮಿನುಗಿತು. ಹಸಿರಿನದನ್ನು ಬೆಂಕಿಕಡ್ಡಿಗೆ ಹಿಡಿದಾಗ ಅದು ಸುರುಟಿಕೊಂಡು ಸಣ್ಣ ಗಟ್ಟಿ ಮಣಿಯಾಯಿತು. ಪಾಲಿಯೆಸ್ಟರ್ ಪಟ್ಟಿ. ಕಪ್ಪಾಗಲು ಅದರಲ್ಲಿ ಬೆಳ್ಳಿಯೇ ಇರಲಿಲ್ಲ.

ನೇರಳೆ ಸೀರೆಯ ಮೇಲೆ ಅಕ್ಕ ಹೆಚ್ಚು ಹೊತ್ತು ಕಳೆಯಲಿಲ್ಲ. “ಇದು ಮೈಸೂರು ಸಿಲ್ಕು, ಕಣ್ಮುಚ್ಚಿದ್ರೂ ಗೊತ್ತಾಗುತ್ತೆ” ಎಂದು ಬಟ್ಟೆಯನ್ನು ನನ್ನ ಕೈಮೇಲೆ ಜಾರಿಸಿದರು. ಬಲವಾಗಿ ಹುರಿ ಹಾಕಿದ ಹೊಕ್ಕಿನಿಂದಾಗಿ ಈ ಕ್ರೇಪ್ ರೇಷ್ಮೆಯಲ್ಲಿ ಬೆರಳಿಗೆ ಸಣ್ಣ ರವೆಯಂಥ ತರಿ ಸಿಗುತ್ತದೆ. ಬೆಳಕು ಅದರ ಮೇಲೆ ಕನ್ನಡಿಯಂತೆ ಹೊಡೆಯದೆ ಹರಡಿಕೊಳ್ಳುತ್ತದೆ. ಹಸಿರು ಸೀರೆಯ ಹೊಳಪು ಕಣ್ಣಿಗೆ ಕುಕ್ಕುವಂಥದ್ದು, ಅರಿಸಿನದ್ದು ಮಡಿಕೆಗಳ ಏಣಿನಲ್ಲಷ್ಟೇ ಬೆಳಗಿ ಉಳಿದೆಡೆ ತಣ್ಣಗಿರುವಂಥದ್ದು. ನೇರಳೆಯ ಇನ್ನೊಂದು ಗುರುತನ್ನು ನಾನೇ ಕಂಡುಕೊಂಡೆ: ಅಂಚಿನ ಜರಿಯ ನಡುವೆ ಇಣುಕುವ ರೇಷ್ಮೆಯೂ ಒಡಲಿನದೇ ನೇರಳೆ. ಈ ಬಗೆಯ ಸೀರೆಯನ್ನು ನೇಯ್ದ ನಂತರ ಇಡಿಯಾಗಿ ಬಣ್ಣಕ್ಕೆ ಅದ್ದುವುದರಿಂದ ಹಾಗಾಗುತ್ತದೆ. ಸೆರಗೂ ಸರಳ, ಅಡ್ಡಕ್ಕೆ ಜರಿಯ ಪಟ್ಟೆಗಳು, ಅಷ್ಟೆ.

ಹಾಗಾದರೆ ಹಸಿರು ಸೀರೆ ಯಾವ ಊರಿನದು ಎಂದು ಕೇಳಿದೆ. ಅಗಲ ಅಂಚು, ತುಂಬು ಸೆರಗು ನೋಡಿದರೆ ಧರ್ಮಾವರದ ಧಾಟಿ ಎಂದರು ಅಕ್ಕ. ಆದರೆ ಆ ಧಾಟಿಯನ್ನು ಈಗ ಯಾವ ಊರಿನ ಮಗ್ಗವಾದರೂ ನೇಯುತ್ತದೆ, ಕಂಚಿಯಲ್ಲೂ ಒಂದೇ ಲಾಳಿಯ ಸೀರೆಗಳಿವೆ, ಹಾಗಾಗಿ ಆಣೆ ಮಾಡಿ ಹೇಳಲಾಗದು ಎಂದೂ ಸೇರಿಸಿದರು. ಅವರ ಆ ಹಿಂಜರಿಕೆಯೇ ನನಗೆ ಹೆಚ್ಚು ನಂಬಿಕೆ ತಂದಿತು. ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಅಜ್ಜಿಗೆ ಅದನ್ನು ಕಂಚಿಯೆಂದೇ ಹೇಳಿ ಮಾರಿದ್ದರು.

ಅಕ್ಕ ಹಸಿರು ಎಳೆಗಳಿಗೆ ಗುಲಾಬಿ ನೂಲು ಸೇರಿಸಿ ಕುಚ್ಚು ಕಟ್ಟಿಕೊಟ್ಟರು. ಅರಿಸಿನದ ಜರಿಯನ್ನು ಪಾಲಿಶ್ ಮಾಡಿಸಬೇಡಿ, ಉಳಿದ ಚಿನ್ನವೂ ಹೋಗುತ್ತದೆ ಎಂದು ಎಚ್ಚರಿಸಿದರು. ಅದನ್ನು ಅಜ್ಜನ ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲೇ ಇಟ್ಟೆ. ಎರಡು ದಿನ ಬಿಟ್ಟು ಜರಿ ಸೀರೆಯವನು ಮತ್ತೆ ನಮ್ಮ ಗೇಟಿನ ಮುಂದೆಯೇ ಬಂದು ಕೂಗಿದ. ದೊಡ್ಡಮ್ಮ ಒಳಗಿನಿಂದಲೇ, “ಇಲ್ಲಪ್ಪಾ, ಮುಂದೆ ಹೋಗು” ಎಂದರು.