ವಾರಾಂತ್ಯದ ಫೋಟೋಗ್ರಫಿ, ಒಂದು ವರ್ಷದ ಲೆಕ್ಕ

7 ಸೆಪ್ಟೆಂಬರ್ 2025

ಇವತ್ತು ತೆರಿಗೆ ಲೆಕ್ಕಕ್ಕೆ ಅಂತ ಡಬ್ಬಿಯಲ್ಲಿದ್ದ ಬಿಲ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಮದುವೆ ಫೋಟೋ ಕೆಲಸ ಜಾಸ್ತಿ ಇತ್ತು. ಪೆಟ್ರೋಲ್ ಬಂಕ್ ರಸೀದಿಗಳು ಅರ್ಧಕ್ಕರ್ಧ ಬಿಳಿ ಹಾಳೆಯಾಗಿವೆ. ಬೆಳಕಿಗೆ ಹಿಡಿದು ನೋಡಿದರೆ ಅಲ್ಲಲ್ಲಿ ಒಂದೊಂದು ಅಂಕಿ ಕಾಣುತ್ತದೆ, ಅಷ್ಟೇ. ಅದು ಬಿಸಿಗೆ ಕಪ್ಪಾಗುವ ಕಾಗದ. ಶಾಯಿಯೇ ಇಲ್ಲ, ಹಾಗಾಗಿ ತಿಂಗಳುಗಳಲ್ಲಿ ಮಾಸಿಹೋಗುತ್ತದೆ. ಇನ್ನು ಮೇಲೆ ಬಂಕ್‌ನಲ್ಲೇ ನಿಂತು ಫೋಟೋ ತೆಗೆದುಬಿಡುತ್ತೇನೆ.

ಯುಪಿಐನಲ್ಲಿ ಕೊಟ್ಟ ದುಡ್ಡಿನ ಗುರುತು ಉಳಿದಿದೆ. ಆದರೆ ಅದೇ ಕಾರಿನಲ್ಲಿ ಆಫೀಸಿಗೂ ಹೋಗುತ್ತೇನೆ. ಯಾವ ಟ್ಯಾಂಕ್ ಮದುವೆಗೆ, ಯಾವುದು ಆಫೀಸಿಗೆ ಅಂತ ತೋರಿಸಲು ಏನೂ ಬರೆದಿಟ್ಟಿಲ್ಲ. ಅದಕ್ಕೆ ಇವತ್ತಿನಿಂದ ಒಂದು ಸಣ್ಣ ಪುಸ್ತಕ ಶುರು ಮಾಡಿದೆ: ತಾರೀಖು, ಊರು, ಯಾರ ಕೆಲಸ, ಹೊರಡುವಾಗಿನ ಕಿಲೋಮೀಟರ್, ವಾಪಸ್ ಬಂದಾಗಿನದ್ದು. ಸಹಾಯಕ್ಕೆ ಬರುವ ಹುಡುಗನಿಗೆ ಕೊಡುವ ದುಡ್ಡಿಗೂ ಒಂದು ವೋಚರ್ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದೇನೆ.

16 ನವೆಂಬರ್

ಹಬ್ಬಕ್ಕೆ ಬಂದ ಭಾವ ಉಳಿದುಕೊಂಡಿದ್ದರು. ಅವರು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರು. ನನ್ನ ಎಕ್ಸೆಲ್ ನೋಡಿದ ಕೂಡಲೇ ಒಂದು ಸಾಲಿನ ಮೇಲೆ ಬೆರಳಿಟ್ಟರು. ಒಂದು ಈವೆಂಟ್ ಕಂಪನಿಗೆ 60,000 ರೂಪಾಯಿ ಬಿಲ್ ಮಾಡಿದ್ದೆ. ಅವರು 10 ಪರ್ಸೆಂಟ್ ಟಿಡಿಎಸ್ ಹಿಡಿದು 54,000 ಹಾಕಿದ್ದರು. ನಾನು ಆದಾಯ 54,000 ಅಂತ ಬರೆದಿದ್ದೆ.

"ಬ್ಯಾಂಕಿಗೆ ಬಂದದ್ದಲ್ಲಪ್ಪಾ, ಬಿಲ್ ಮಾಡಿದ್ದನ್ನ ಬರಿ. ಆ ಆರು ಸಾವಿರ ನಿನ್ನ ಹೆಸರಲ್ಲಿ ಕಟ್ಟಿರೋ ತೆರಿಗೆ. ಅದನ್ನ ಬೇರೆ ಕಾಲಂನಲ್ಲಿ ಹಾಕು" ಅಂದರು.

ಸರಿಪಡಿಸಿದೆ. ಈಗ ಬಿಲ್ ಮೊತ್ತ, ಟಿಡಿಎಸ್, ಕೈಗೆ ಬಂದದ್ದು ಅಂತ ಮೂರು ಕಾಲಂ ಇವೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನನ್ನ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿಯಾದ 26ಎಎಸ್ ತೆಗೆದು ಆ 6,000 ನನ್ನ ಪ್ಯಾನ್‌ಗೆ ಬಂದಿದೆಯಾ ಅಂತಲೂ ನೋಡಿದೆ. ಅಲ್ಲಿ 60,000 ಅಂತಲೇ ಇತ್ತು. ನಾನು ರಿಟರ್ನ್‌ನಲ್ಲಿ 54,000 ತೋರಿಸಿದ್ದರೆ ಎರಡೂ ತಾಳೆ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ ಅವರಿಂದಲೇ ತಿಳಿಯಿತು. ಸಂಬಳ ಮಾತ್ರ ಇದ್ದಾಗ ತುಂಬುತ್ತಿದ್ದ ಐಟಿಆರ್-1 ಈ ಸಲ ನಡೆಯುವುದಿಲ್ಲ. ನಾನು ನಿಜವಾದ ಖರ್ಚು ಕಳೆದು ಲಾಭ ತೋರಿಸುತ್ತಿರುವುದರಿಂದ ಐಟಿಆರ್-3 ಬೇಕು.

8 ಮಾರ್ಚ್ 2026

ಇವತ್ತು ಕೂತು ಇಡೀ ವರ್ಷದ ಲೆಕ್ಕ ಹಾಕಿದೆ, ಹೊಸ ತೆರಿಗೆ ಪದ್ಧತಿಯಲ್ಲಿ. ತಿಂಗಳ ಕೊನೆಯವರೆಗೆ ಬರಬೇಕಾದದ್ದನ್ನೂ ಅಂದಾಜಿನಲ್ಲಿ ಸೇರಿಸಿದ್ದೇನೆ.

ಸಂಬಳ 12,10,000. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 11,35,000. ಎಫ್‌ಡಿ ಬಡ್ಡಿ 10,000 ಸೇರಿ 11,45,000. ಇಲ್ಲಿಗೆ ನಿಲ್ಲಿಸಿದ್ದರೆ ತೆರಿಗೆ ಸೊನ್ನೆ. ತೆರಿಗೆಯ ಆದಾಯ 12 ಲಕ್ಷ ದಾಟದಿದ್ದರೆ ರಿಬೇಟ್ ಪೂರ್ತಿ ಸಿಗುತ್ತದೆ. ಆಫೀಸಿನವರು ಟಿಡಿಎಸ್ ಹಿಡಿಯದೆ ಇದ್ದದ್ದೂ ಅದಕ್ಕೇ.

ಫೋಟೋ ಕೆಲಸದಿಂದ ಬಂದದ್ದು 1,60,000. ಖರ್ಚಿನಲ್ಲಿ ಆಲ್ಬಂ ಪ್ರಿಂಟಿಂಗ್ 32,000, ಸಹಾಯಕನಿಗೆ 24,000, ಎಡಿಟಿಂಗ್ ಸಾಫ್ಟ್‌ವೇರ್ 6,000, ಸೆಪ್ಟೆಂಬರ್ ನಂತರದ ಓಡಾಟ 14,000. ಮೇ ತಿಂಗಳಲ್ಲಿ 80,000ಕ್ಕೆ ಕೊಂಡ ಕ್ಯಾಮೆರಾವನ್ನು ಒಂದೇ ವರ್ಷಕ್ಕೆ ಪೂರ್ತಿ ಖರ್ಚು ಅಂತ ಹಾಕುವ ಹಾಗಿಲ್ಲ. ಸವಕಳಿ ಅಂತ 15 ಪರ್ಸೆಂಟ್, ಅಂದರೆ 12,000 ಮಾತ್ರ. (ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲೂ ಅರ್ಧವೇ.) ಒಟ್ಟು ಖರ್ಚು 88,000, ಲಾಭ 72,000.

ಹಾಗಾಗಿ ಆದಾಯ 12,17,000. ಗೆರೆಯಿಂದ 17,000 ಆಚೆ. ಮಾಮೂಲಿ ದರದಲ್ಲಿ ಲೆಕ್ಕ ಹಾಕಿದರೆ ತೆರಿಗೆ 62,550 ಬರುತ್ತದೆ. ಆದರೆ ಗೆರೆ ದಾಟಿದ ಮೊತ್ತಕ್ಕಿಂತ ಜಾಸ್ತಿ ತೆರಿಗೆ ಬೀಳದ ಹಾಗೆ ಕಾನೂನಿನಲ್ಲೇ ಒಂದು ರಿಯಾಯಿತಿ ಇದೆ. ಅದರಿಂದ ತೆರಿಗೆ 17,000, ಅದರ ಮೇಲೆ 4 ಪರ್ಸೆಂಟ್ ಸೆಸ್, ಒಟ್ಟು 17,680.

ಅಂದರೆ ಗೆರೆ ದಾಟಿದ ಆ ಪ್ರತಿ ರೂಪಾಯಿಯೂ ಪೂರ್ತಿಯಾಗಿ ತೆರಿಗೆಗೇ ಹೋಗುತ್ತಿದೆ! ಈ ಜಾಗದಲ್ಲಿ ನೂರು ರೂಪಾಯಿ ಖರ್ಚಿನ ಬಿಲ್ ಇದ್ದರೆ 104 ರೂಪಾಯಿ ಉಳಿಯುತ್ತದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಪೆಟ್ರೋಲ್, ಲಾಡ್ಜ್ ಖರ್ಚು ಸುಮಾರು 18,000 ಆಗಿತ್ತು. ಅದಕ್ಕೆ ಸರಿಯಾದ ಲೆಕ್ಕ ಇದ್ದಿದ್ದರೆ 11,99,000ಕ್ಕೆ ಇಳಿದು ತೆರಿಗೆಯೇ ಬರುತ್ತಿರಲಿಲ್ಲ. ಅಂದಾಜಿಗೆ ಒಂದು ಅಂಕಿ ಬರೆದುಬಿಡಲು ನನಗೆ ಮನಸ್ಸಿಲ್ಲ. ಕೇಳಿದರೆ ತೋರಿಸಲು ಆಗದ್ದನ್ನು ನಾನು ಹಾಕುವುದಿಲ್ಲ.

12 ಮಾರ್ಚ್

17,680ರಲ್ಲಿ ಟಿಡಿಎಸ್ 6,000 ಕಳೆದರೆ 11,680 ಉಳಿಯುತ್ತದೆ. ಹೀಗೆ ಉಳಿಯುವುದು 10,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು. ಜೂನ್, ಸೆಪ್ಟೆಂಬರ್, ಡಿಸೆಂಬರ್ ಕಂತುಗಳು ತಪ್ಪಿಹೋಗಿವೆ. ಕೊನೆಯದು ಮಾರ್ಚ್ 15. ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ಅಸೆಸ್‌ಮೆಂಟ್ ವರ್ಷ 2026-27 ಅಂತ ಆರಿಸಿ ಇವತ್ತು ಪೂರ್ತಿ ಕಟ್ಟಿ ಚಲನ್ ಇಳಿಸಿಕೊಂಡೆ. ತಪ್ಪಿದ ಕಂತುಗಳ ಬಡ್ಡಿ ಸುಮಾರು 470 ರೂಪಾಯಿ, ಅದನ್ನು ರಿಟರ್ನ್ ಹಾಕುವಾಗ ಸೇರಿಸಿ ಕೊಡಬೇಕು.

ಕಿಲೋಮೀಟರ್ ಪುಸ್ತಕದಲ್ಲಿ ಇನ್ನು ಎರಡು ಹಾಳೆ ಉಳಿದಿವೆ. ಏಪ್ರಿಲ್ 1ಕ್ಕೆ ಹೊಸದು ತಂದು ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಪೆನ್ ಸಮೇತ ಇಡುತ್ತೇನೆ. ಏಪ್ರಿಲ್‌ನಲ್ಲಿ ಮೊದಲ ಮದುವೆ ತುಮಕೂರಿನಲ್ಲಿದೆ.